ಮೂರು ಮೀಟರು ಬಾಕಿ ಇರುವಾಗ ನಿಂತ ಬಾವಿ

ಪ್ರಶ್ನೆ: ನದಿ ಸೇತುವೆಯ ಕಂಬಕ್ಕೆ ಅಡಿಪಾಯವಾಗಿ ಇಳಿಸುತ್ತಿರುವ ನಮ್ಮ ಒಂದು ಬಾವಿ ಹದಿನೈದು ಮೀಟರು ಇಳಿದು ನಿಂತುಬಿಟ್ಟಿದೆ, ಇನ್ನೂ ಮೂರು ಮೀಟರು ಬಾಕಿ. ಸ್ವಲ್ಪ ವಾಲಿದೆ ಕೂಡ. ಕೆಳಗಿನ ಮಣ್ಣು ಗಟ್ಟಿಯಾಗಿದೆ, ಇಲ್ಲಿಗೇ ನಿಲ್ಲಿಸಿ ತಳ ಮುಚ್ಚಬಾರದೇ?

ಉತ್ತರ: ಮಣ್ಣು ಗಟ್ಟಿಯಾಗಿದೆ ಎಂಬ ಒಂದೇ ಕಾರಣಕ್ಕೆ ನಿಲ್ಲಿಸಬಾರದು. ಬಾವಿಯ ಆಳವನ್ನು ಮಣ್ಣಿನ ಗಟ್ಟಿತನಕ್ಕಿಂತ ಮೊದಲು ನಿರ್ಧರಿಸುವುದು ಪ್ರವಾಹದಲ್ಲಿ ಆಗುವ ಕೊರೆತ, ಅಂದರೆ ಸ್ಕೌರ್. ಈಗ ಬಾವಿಯನ್ನು ಸುತ್ತಲಿಂದ ಹಿಡಿದು ನಿಲ್ಲಿಸಿರುವ ಮರಳಿನ ಬಹುಪಾಲು ದೊಡ್ಡ ನೆರೆಯ ದಿನ ಅಲ್ಲಿ ಇರುವುದಿಲ್ಲ. ನೆರೆ ಇಳಿಯುವಾಗ ಅದೇ ಗುಂಡಿ ಮತ್ತೆ ಮರಳಿನಿಂದ ತುಂಬಿಕೊಳ್ಳುವುದರಿಂದ, ಬೇಸಿಗೆಯಲ್ಲಿ ಪಾತ್ರವನ್ನು ನೋಡಿದವರಿಗೆ ಕೊರೆತದ ಅಂದಾಜೇ ಸಿಗುವುದಿಲ್ಲ.

ನೀವು ಅಂಕಿ ಕೊಟ್ಟಿಲ್ಲವಾದ್ದರಿಂದ ನಾನೇ ಒಂದು ಉದಾಹರಣೆ ಹಾಕಿಕೊಳ್ಳುತ್ತೇನೆ. ವಿನ್ಯಾಸದ ಪ್ರವಾಹ ಸೆಕೆಂಡಿಗೆ 9,000 ಘನ ಮೀಟರು, ನೀರು ಹರಿಯುವ ಪರಿಣಾಮಕಾರಿ ಅಗಲ 450 ಮೀಟರು ಎಂದಿರಲಿ. ಆಗ ಒಂದು ಮೀಟರು ಅಗಲಕ್ಕೆ 20 ಘನ ಮೀಟರು ಹರಿಯುತ್ತದೆ. ಮರಳಿನ ಕಣಗಳ ಸರಾಸರಿ ಗಾತ್ರ 0.32 ಮಿಲಿಮೀಟರು ಇದ್ದರೆ ಹೂಳಿನ ಗುಣಾಂಕ ಸುಮಾರು 1 ಆಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್, ಅಂದರೆ ಐಆರ್‌ಸಿ, ಸಂಹಿತೆಯ ಸೂತ್ರದಲ್ಲಿ dsm ಸರಾಸರಿ ಕೊರೆತ, Db ಒಂದು ಮೀಟರು ಅಗಲದ ಹರಿವು, Ksf ಹೂಳಿನ ಗುಣಾಂಕ, dm ಮಿಲಿಮೀಟರಿನಲ್ಲಿ ಕಣದ ಗಾತ್ರ. ಸೂತ್ರ ಹೀಗಿದೆ:

```
dsm = 1.34 (Db² / Ksf)^(1/3)
Ksf = 1.76 √dm
```

ಇದರಲ್ಲಿ ಹಾಕಿದರೆ ಸರಾಸರಿ ಕೊರೆತ 9.87 ಮೀಟರು ಬರುತ್ತದೆ. ಕಂಬದ ಸುತ್ತ ನೀರು ಸುಳಿಯಾಗಿ ತಳವನ್ನು ಇನ್ನಷ್ಟು ಅಗೆಯುವುದರಿಂದ ಅಲ್ಲಿ ಇದರ ಎರಡು ಪಟ್ಟು, ಅಂದರೆ 19.75 ಮೀಟರು ಹಿಡಿಯಬೇಕು. ಇದನ್ನು ಅಳೆಯುವುದು ಗರಿಷ್ಠ ಪ್ರವಾಹ ಮಟ್ಟದಿಂದ ಕೆಳಕ್ಕೆ, ನದಿಯ ತಳದಿಂದಲ್ಲ. ಅದರ ಕೆಳಗೆ ಈ ಆಳದ ಮೂರನೇ ಒಂದು ಭಾಗದಷ್ಟು, ಸುಮಾರು 6.6 ಮೀಟರು, ಬಾವಿ ಮಣ್ಣಿನಲ್ಲಿ ಹೂತಿರಬೇಕು. ಇದನ್ನೇ ಗ್ರಿಪ್ ಎನ್ನುತ್ತಾರೆ. ಪ್ರವಾಹ ಮಟ್ಟ 100 ಎಂದುಕೊಂಡರೆ ಕೊರೆತದ ಮಟ್ಟ 80.25, ಬಾವಿಯ ತಳ 73.7. ಪಾತ್ರದ ಈಗಿನ ಮಟ್ಟ 92 ಆಗಿದ್ದು ಹದಿನೈದು ಮೀಟರು ಇಳಿದು ನಿಂತರೆ ತಳ 77ರಲ್ಲಿದೆ. ನಿಮ್ಮ ಕಣ್ಣಿಗೆ ಹದಿನೆಂಟರಲ್ಲಿ ಹದಿನೈದು ಮುಗಿದಂತೆ ಕಾಣುತ್ತದೆ, ಆದರೆ ನೆರೆಯ ದಿನ ಬಾವಿಗೆ ಉಳಿಯುವ ಹಿಡಿತ 3.25 ಮೀಟರು ಮಾತ್ರ, ಬೇಕಾದುದರಲ್ಲಿ ಅರ್ಧ. ತಳದಲ್ಲಿ ಗಟ್ಟಿ ಬಂಡೆಯೇ ಸಿಕ್ಕಿದ್ದರೆ ಲೆಕ್ಕ ಬೇರೆ, ಆದರೆ ಅದನ್ನು ಕೊರೆದು ನೋಡಿ ಖಚಿತಪಡಿಸಿಕೊಳ್ಳಬೇಕು.

ಇನ್ನು ಬಾವಿ ಏಕೆ ನಿಂತಿತು ಎಂಬುದು. ಹೊರವ್ಯಾಸ 8 ಮೀಟರು, ಬಾವಿಯ ಸುತ್ತುಗೋಡೆಯಾದ ಸ್ಟೀನಿಂಗಿನ ದಪ್ಪ 1.2 ಮೀಟರು ಇದ್ದರೆ ಪ್ರತಿ ಮೀಟರು ಎತ್ತರದ ಕಾಂಕ್ರೀಟು ಸುಮಾರು 64 ಟನ್ ತೂಗುತ್ತದೆ, ನೀರಿನಲ್ಲಿ ಮುಳುಗಿದಾಗ 38 ಟನ್‌ಗೆ ಇಳಿಯುತ್ತದೆ. ಹೊರಮೈಯ ಪ್ರತಿ ಚದರ ಮೀಟರಿಗೆ ಮಣ್ಣಿನ ಘರ್ಷಣೆ 2 ಟನ್ ಎಂದು ಹಿಡಿದರೂ ಪ್ರತಿ ಮೀಟರು ಆಳಕ್ಕೆ 50 ಟನ್ ತಡೆ ಬರುತ್ತದೆ. ನೀರಿನ ಮೇಲೆ ಎದ್ದಿರುವ ಸ್ಟೀನಿಂಗಿನ ಪೂರ್ತಿ ತೂಕ ಸ್ವಲ್ಪ ದೂರ ನೆರವಾಗುತ್ತದೆ, ಜೇಡಿ ಪದರ ಬಂದೊಡನೆ ಅದೂ ಸಾಲದಾಗುತ್ತದೆ. ಆಗ ಮೇಲೆ ಕೆಂಟ್ಲೆಡ್ಜ್ ಭಾರ ಹೇರುತ್ತಾರೆ, ಇಲ್ಲವೇ ಹೊರಮೈಯುದ್ದಕ್ಕೂ ನೀರಿನ ಅಥವಾ ಗಾಳಿಯ ಜೆಟ್ ಬಿಟ್ಟು ಹಿಡಿತವನ್ನು ಸಡಿಲಿಸುತ್ತಾರೆ.

ಆದರೆ ಭಾರ ಹೇರುವ ಮೊದಲು, ಒಳಗಿನ ಮಣ್ಣನ್ನು ಎತ್ತುವ ಗ್ರ್ಯಾಬ್ ಏನು ತರುತ್ತಿದೆ ಎಂದು ನೋಡಿ. ಕೊಳೆತ ಮರದ ಚೂರು ಬಂದರೆ ಬಾವಿಯ ಬುಡದ ಚೂಪು ಅಂಚಾದ ಕಟಿಂಗ್ ಎಡ್ಜಿನ ಕೆಳಗೆ ಹೂತುಹೋದ ದಿಮ್ಮಿ ಅಡ್ಡ ಬಿದ್ದಿದೆ. ಅದನ್ನು ಮುಳುಗುಗಾರರಿಂದ ಕತ್ತರಿಸಿ ತೆಗೆಸಬೇಕೇ ಹೊರತು ಭಾರದಿಂದ ಪ್ರಯೋಜನವಿಲ್ಲ. ಗ್ರ್ಯಾಬ್ ಎಷ್ಟು ಮರಳು ತೆಗೆದರೂ ಸ್ಟೀನಿಂಗಿನ ಮೇಲೆ ಬರೆದ ಅಳತೆಗೆರೆ ಕದಲದೆ, ಬಾವಿಯ ಸುತ್ತಲ ಮರಳುದಿಬ್ಬದಲ್ಲಿ ಬಳೆಯಾಕಾರದ ಬಿರುಕು ಕಾಣಿಸಿಕೊಂಡರೆ, ಹೊರಗಿನ ಮರಳು ಕೆಳಗಿನಿಂದ ಒಳಕ್ಕೆ ಹರಿಯುತ್ತಿದೆ ಎಂದರ್ಥ. ತೂಕ ಹೆಚ್ಚಲೆಂದು ಒಳಗಿನ ನೀರನ್ನು ಪಂಪಿನಿಂದ ತೆಗೆಯುವವರಿಗೆ ಇದು ಬೇಗ ಎದುರಾಗುತ್ತದೆ: ಒಳಗಿನ ಮಟ್ಟ ಹೊರಗಿನದಕ್ಕಿಂತ ತೀರ ಕೆಳಗಿಳಿದಾಗ ಮರಳು ಒಮ್ಮೆಲೇ ನುಗ್ಗಿ ಬರುತ್ತದೆ ಮತ್ತು ಬಾವಿ ಒಂದೇ ಕಡೆಗೆ ಕುಸಿದು ವಾಲುತ್ತದೆ. ಮರಳಿನಲ್ಲಿ ಒಳಗಿನ ನೀರು ಹೊರಗಿನದಕ್ಕಿಂತ ತುಸು ಮೇಲಿರುವುದೇ ಕ್ಷೇಮ. ಜೇಡಿಯಲ್ಲಿ ಇದರ ಉಲ್ಟಾ ಅಪಾಯವಿದೆ. ಕಟಿಂಗ್ ಎಡ್ಜಿಗಿಂತ ಬಹಳ ಆಳಕ್ಕೆ ಗುಂಡಿ ತೋಡಿದರೂ ಬಾವಿ ನೇತುಕೊಂಡೇ ಇದ್ದು, ಆಮೇಲೆ ಹಠಾತ್ತನೆ ಜಾರುತ್ತದೆ.

ವಾಲಿಕೆಯ ಬಗ್ಗೆ ನೀವು ‘ಸ್ವಲ್ಪ’ ಎಂದಷ್ಟೇ ಬರೆದಿದ್ದೀರಿ. ಸಂಹಿತೆಯಲ್ಲಿ ವಾಲಿಕೆಯ, ಅಂದರೆ ಟಿಲ್ಟಿನ, ಮಿತಿ 80ಕ್ಕೆ 1. ಬಾವಿ ತನ್ನ ಜಾಗದಿಂದ ಪಕ್ಕಕ್ಕೆ ಸರಿಯುವ ಶಿಫ್ಟಿನ ಮಿತಿ 150 ಮಿಲಿಮೀಟರು. ಎಂಟು ಮೀಟರು ಬಾವಿಯಲ್ಲಿ ಎದುರುಬದುರು ಅಂಚುಗಳ ಮಟ್ಟಕ್ಕೆ 10 ಸೆಂಟಿಮೀಟರು ಅಂತರ ಬಂದರೆ ಟಿಲ್ಟಿನ ಮಿತಿ ಮುಟ್ಟಿತು. ಈ ಮಿತಿಗಳು ಒಟ್ಟು ದಿಕ್ಕಿನವು ಎಂಬುದನ್ನು ಸೈಟಿನಲ್ಲಿ ಬಹಳ ಜನ ಮರೆಯುತ್ತಾರೆ. ಸೇತುವೆಯ ಉದ್ದಕ್ಕೆ 120ಕ್ಕೆ 1, ಅಡ್ಡಕ್ಕೆ 100ಕ್ಕೆ 1 ಎಂದು ವರದಿಯಲ್ಲಿ ಬರೆದರೆ ಎರಡೂ ಮಿತಿಯೊಳಗೆ ಕಾಣುತ್ತವೆ. ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ ಸುಮಾರು 77ಕ್ಕೆ 1 ಆಗಿ ಮಿತಿ ದಾಟಿರುತ್ತದೆ. ಶಿಫ್ಟನ್ನೂ ಮೇಲ್ತುದಿಯಲ್ಲಿ ಅಳೆದು ಬಿಡಬಾರದು. ಮೇಲ್ತುದಿ 60 ಮಿಲಿಮೀಟರು ಪೂರ್ವಕ್ಕೆ ಸರಿದು, 100ಕ್ಕೆ 1ರಂತೆ ಪೂರ್ವಕ್ಕೇ ವಾಲಿದ್ದರೆ, ಅಲ್ಲಿಂದ 15 ಮೀಟರು ಕೆಳಗಿನ ತಳ 90 ಮಿಲಿಮೀಟರು ಪಶ್ಚಿಮದಲ್ಲಿದೆ. ಅದೇ ಬಾವಿ ಪಶ್ಚಿಮಕ್ಕೆ ವಾಲಿದ್ದರೆ ತಳ 210 ಮಿಲಿಮೀಟರು ಪೂರ್ವಕ್ಕೆ ಹೋಗಿರುತ್ತದೆ.

ಟಿಲ್ಟ್ ತಿದ್ದುವುದು ಮೊದಲ ಕೆಲವು ಮೀಟರುಗಳಲ್ಲಿ ಸುಲಭ. ಹದಿನೈದು ಮೀಟರಿನಲ್ಲಿ ಮಣ್ಣು ಬಾವಿಯನ್ನು ಎಲ್ಲ ಕಡೆಯಿಂದ ಬಿಗಿದಿರುವುದರಿಂದ ಒಂದು ಉಪಾಯ ಸಾಲದು, ಹಲವನ್ನು ಒಟ್ಟಿಗೆ ಮಾಡಬೇಕು. ಬಾವಿ ಪೂರ್ವಕ್ಕೆ ವಾಲಿದ್ದರೆ ಕಟಿಂಗ್ ಎಡ್ಜ್ ಪಶ್ಚಿಮದಲ್ಲಿ ಎತ್ತರದಲ್ಲಿದೆ. ಗ್ರ್ಯಾಬನ್ನು ಆ ಬದಿಗೇ ಇಳಿಸಿ ಅಗೆಯಬೇಕು, ಭಾರವನ್ನೂ ಆ ಬದಿಗೇ ಹೆಚ್ಚಿಡಬೇಕು, ಹೊರಗಿನ ಜೆಟ್ಟನ್ನೂ ಅಲ್ಲಿಯೇ ಬಿಡಬೇಕು. ತಗ್ಗಿನ ಬದಿಯಲ್ಲಿ ಬಾವಿಯ ಬುಡದ ಬಳೆಯಾದ ಕರ್ಬಿನ ಕೆಳಗಿನ ಮಣ್ಣನ್ನು ಮುಟ್ಟಬಾರದು, ಬೇಕಾದರೆ ಮರದ ಸ್ಲೀಪರ್ ಕೊಟ್ಟು ಆ ಬದಿಯನ್ನು ತಡೆಯಬಹುದು. ಮೇಲ್ತುದಿಯನ್ನು ತಂತಿಹಗ್ಗದಿಂದ ಪಶ್ಚಿಮಕ್ಕೆ ಎಳೆಯುವುದೂ, ಪೂರ್ವದಿಂದ ಜಾಕ್ ಕೊಟ್ಟು ನೂಕುವುದೂ ಇದೆ, ಆದರೆ ಅವು ಅಗೆತಕ್ಕೆ ಜೊತೆಗೂಡಿದಾಗಷ್ಟೇ ಫಲ ಕೊಡುತ್ತವೆ. ಬಾವಿ ಚಲಿಸುತ್ತಿರುವಾಗ ಮಾತ್ರ ಟಿಲ್ಟ್ ತಿದ್ದಲು ಸಾಧ್ಯ. ಆದ್ದರಿಂದ ಬಾಕಿ ಇರುವ ಮೂರು ಮೀಟರೇ ನಿಮಗೆ ಉಳಿದಿರುವ ಅವಕಾಶ.

ಶಿಫ್ಟ್ ತಿದ್ದುವುದು ಇನ್ನೂ ನಿಧಾನ. ತಳ ಪೂರ್ವಕ್ಕೆ ಸರಿದಿದ್ದರೆ ಬಾವಿಯನ್ನು ಬೇಕೆಂದೇ ಪೂರ್ವಕ್ಕೆ ವಾಲಿಸಿ ಇಳಿಸುತ್ತಾರೆ. ಅಕ್ಷ ಕೆಳಗೆ ಪಶ್ಚಿಮಕ್ಕೆ ಓರೆಯಾಗಿರುವುದರಿಂದ ಇಳಿದಂತೆಲ್ಲ ತಳ ಪಶ್ಚಿಮಕ್ಕೆ ಬರುತ್ತದೆ, ಬಳಿಕ ವಾಲನ್ನು ತೆಗೆಯುತ್ತಾರೆ. ಮೂರು ಮೀಟರಿನಲ್ಲಿ ಇದರಿಂದ ಸಿಗುವುದು ಕೆಲವು ಸೆಂಟಿಮೀಟರು ಮಾತ್ರ.

ಬಾವಿ ವಾಲಿರುವಾಗ ಮುಂದಿನ ಸ್ಟೀನಿಂಗ್ ಲಿಫ್ಟನ್ನು, ಅಂದರೆ ಗೋಡೆಯ ಮುಂದಿನ ಹಂತವನ್ನು, ತೂಗುಗುಂಡು ಹಿಡಿದು ನೆಟ್ಟಗೆ ಕಟ್ಟಬೇಡಿ. ಹಾಗೆ ಕಟ್ಟಿದರೆ ಬಾವಿಯಲ್ಲೇ ಡೊಂಕು ಬರುತ್ತದೆ, ಆಮೇಲೆ ಕೆಳಭಾಗವನ್ನು ನೆಟ್ಟಗೆ ಮಾಡಿದಾಗ ಮೇಲ್ಭಾಗ ಓರೆಯಾಗುತ್ತದೆ. ಈಗಿರುವ ಗೋಡೆಯ ಮೇಲೆ ನೇರ ಪಟ್ಟಿ ಇಟ್ಟು, ಓರೆಯಾದ ಅಕ್ಷದಲ್ಲೇ ಎತ್ತರಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಮಿತಿ ಮೀರಿದ್ದರೆ ನಾಲ್ಕು ಬಿಂದುಗಳ ಮಟ್ಟ, ತಳದ ಶಿಫ್ಟ್ ಮತ್ತು ಮುಟ್ಟಿದ ಆಳವನ್ನು ವಿನ್ಯಾಸಕಾರರಿಗೆ ಕಳುಹಿಸಿ. ಅವರು ನಿಜವಾದ ಅಂಕಿಗಳಿಂದ ತಳದ ಒತ್ತಡವನ್ನೂ ಸ್ಟೀನಿಂಗಿನ ಬಲವನ್ನೂ ಮತ್ತೆ ಲೆಕ್ಕ ಹಾಕಿ, ಬಾವಿಯ ತಲೆಯ ಮೇಲೆ ಕಂಬವನ್ನು ಹೊರುವ ಕ್ಯಾಪನ್ನು ಅಗಲಿಸುತ್ತಾರೆ, ಕೆಲವೊಮ್ಮೆ ಕಂಬವನ್ನು ಕ್ಯಾಪಿನ ಮೇಲೆ ತುಸು ಸರಿಸಿ ನಿಲ್ಲಿಸುತ್ತಾರೆ. ಈ ತೀರ್ಮಾನ ತಳ ಮುಚ್ಚುವ ಬಾಟಮ್ ಪ್ಲಗ್ ಕಾಂಕ್ರೀಟು ಹಾಕುವ ಮೊದಲೇ ಬರಹದಲ್ಲಿ ನಿಮ್ಮ ಕೈಗೆ ಬಂದಿರಬೇಕು.