ಪ್ರೊಫೈಲ್ ಫೋಟೋಗೆ ಯಾವ ಸೀರೆ, ಎಷ್ಟು ಒಡವೆ?

ಮಾನ್ಯ ಸಂಪಾದಕರೇ, ವಧೂವರರ ಜಾಲತಾಣಕ್ಕೆಂದು ನನ್ನ ಫೋಟೋ ತೆಗೆಸಬೇಕಾಗಿದೆ. ಕೊಡವ ಸೀರೆಯಲ್ಲೇ ಇರಬೇಕೆಂದು ಅಮ್ಮನ ಆಸೆ. ಕೆಂಪು ರೇಷ್ಮೆ ಸೀರೆ, ಅಜ್ಜಿಯ ಒಡವೆಗಳನ್ನೆಲ್ಲ ತೆಗೆದಿಟ್ಟು, ಪಾರ್ಲರಿನವರಿಗೂ ಹೇಳಿದ್ದಾರೆ. ಅದರಲ್ಲಿ ನಾನು ನಾನಾಗಿ ಕಾಣುವುದಿಲ್ಲವೆಂಬ ಅಳುಕು ನನಗೆ. ಏನು ಉಡಲಿ, ಎಷ್ಟು ಸಿಂಗರಿಸಿಕೊಳ್ಳಲಿ?
— ಓದುಗರು, ವಿರಾಜಪೇಟೆ

ಕೊಡವ ಸೀರೆಯ ವಿಚಾರದಲ್ಲಿ ನಾನು ನಿಮ್ಮ ತಾಯಿಯವರ ಪಕ್ಷ. ನನ್ನ ತಕರಾರು ಇರುವುದು ಆ ಕೆಂಪು ಬಣ್ಣದ ಮೇಲೆ. ನಮ್ಮಲ್ಲಿ ಕೆಂಪು ರೇಷ್ಮೆ ಮದುಮಗಳ ಉಡುಗೆ. ಅದನ್ನುಟ್ಟು, ತಲೆಗೆ ವಸ್ತ್ರವನ್ನೂ ಹಾಕಿ ನಿಂತರೆ, ನೋಡಿದವರಿಗೆ ಮದುವೆಯೇ ಮುಗಿದುಹೋದ ಹಾಗೆ ತೋರುತ್ತದೆ. ಅಜ್ಜಿಯ ಒಡವೆಗಳಲ್ಲಿ ಕರ್ತಮಣಿ ಪತ್ತಾಕ್ ಇದ್ದರೆ ಅದು ಪೆಟ್ಟಿಗೆಯಲ್ಲೇ ಇರಲಿ. ಮದುವೆಯಲ್ಲಿ ತಾಯಿ ಮಗಳ ಕೊರಳಿಗೆ ಹಾಕುವ ಒಡವೆಯದು, ಮುತ್ತೈದೆಯ ಗುರುತು. ಜೋಮಾಲೆ, ಕೊಕ್ಕೆತಾತಿಗಳಿಗೆ ಅಂಥ ನಿರ್ಬಂಧವಿಲ್ಲವಾದರೂ ಎರಡನ್ನೂ ಒಟ್ಟಿಗೆ ಹಾಕಿದರೆ ನೋಡುವವರ ಕಣ್ಣು ಮುಖವನ್ನು ಬಿಟ್ಟು ಕೊರಳಿನಲ್ಲೇ ನಿಲ್ಲುತ್ತದೆ. ಕೊಕ್ಕೆತಾತಿಯೊಂದನ್ನೇ ಹಾಕಿ, ಕಿವಿಗೆ ದಿನನಿತ್ಯದ ಓಲೆ ಇಟ್ಟುಕೊಂಡರೆ ಸಾಕು. ನೆಂಟರೊಬ್ಬರ ನಿಶ್ಚಿತಾರ್ಥಕ್ಕೆ ಹೊರಟಾಗ ನೀವು ಎಷ್ಟು ಸಿಂಗರಿಸಿಕೊಳ್ಳುತ್ತೀರೋ ಅಷ್ಟೇ ಇಲ್ಲಿಯೂ ಅಳತೆ.

ಸೀರೆ ಯಾವುದೆಂದರೆ, ಅಗಲವಾದ ಜರಿಯಂಚಿನ ಭಾರೀ ಸೀರೆಗಿಂತ ಕಿರಿಯಂಚಿನ ಮೆತ್ತನೆಯ ರೇಷ್ಮೆ ಅಥವಾ ಕ್ರೇಪ್ ಮೇಲು. ಕೊಡವ ಉಡಿಕೆಯಲ್ಲಿ ನೆರಿಗೆ ಬೆನ್ನ ಹಿಂದಕ್ಕೆ ಹೋಗುವುದರಿಂದ ಎದುರಿನಿಂದ ತೆಗೆದ ಚಿತ್ರದಲ್ಲಿ ಕಾಣುವುದು ಸೊಂಟದ ಕೆಳಗೆ ಸಪಾಟಾದ ಬಟ್ಟೆ, ಮೇಲೆ ಎದೆಯನ್ನು ಸುತ್ತಿ ಬಲ ಭುಜಕ್ಕೆ ಬಂದು ಪಿನ್ನಿಗೆ ಸಿಕ್ಕಿದ ಸೆರಗು, ಇವಿಷ್ಟೇ. ಗಟ್ಟಿ ಜರಿಯಾದರೆ ಸೆರಗು ಎದೆಯ ಮೇಲೆ ಉಬ್ಬಿ ನಿಲ್ಲುತ್ತದೆ, ಬೆಳಕಿಗೆ ಬೆಳ್ಳಗೆ ಮಿಂಚುತ್ತದೆ. ಮೆತ್ತನೆಯದಾದರೆ ಮೈಗೆ ಒರಗಿ ಬೀಳುತ್ತದೆ. ಬಣ್ಣ ಅಚ್ಚ ಬಿಳಿಯೂ ಬೇಡ, ಕಡುಗಪ್ಪೂ ಬೇಡ. ಫೋನಿನ ಕ್ಯಾಮೆರಾ ಬಟ್ಟೆಯ ಬಣ್ಣಕ್ಕೆ ತಕ್ಕಂತೆ ಬೆಳಕನ್ನು ಹೊಂದಿಸಲು ಹೋಗಿ ಬಿಳಿಯಲ್ಲಿ ಮುಖವನ್ನು ಮಂಕಾಗಿಸುತ್ತದೆ, ಕಪ್ಪಿನಲ್ಲಿ ಬಿಳುಚಿಸುತ್ತದೆ. ಸಾಸಿವೆ, ನೇರಳೆ, ನವಿಲುನೀಲಿಯಂಥವು ಕ್ಷೇಮ. ಹಿಂದಿನ ದಿನವೇ ಸೀರೆಯನ್ನು ಬೀರುವಿನಿಂದ ತೆಗೆದು ಹರವಿಡಿ, ಏಕೆಂದರೆ ವರ್ಷಗಟ್ಟಲೆ ಮಡಿಸಿಟ್ಟ ಗೆರೆ ಚಿತ್ರದಲ್ಲಿ ಎದೆಯ ಮೇಲೆ ಅಡ್ಡಗೀಟಾಗಿ ಎದ್ದು ಕಾಣುತ್ತದೆ. ನಮ್ಮ ಮಳೆಗಾಲದಲ್ಲಾದರೆ ಬೂಷ್ಟಿನ ಕಲೆಯಿದೆಯೇ ಎಂದೂ ನೋಡಿಕೊಳ್ಳಬೇಕು. ರವಿಕೆಯನ್ನು ತೊಟ್ಟು ಒಮ್ಮೆ ಕೈಯೆತ್ತಿ ನೋಡಿ. ಕಂಕುಳ ಬಳಿ ನಿರಿಗೆ ಎಳೆದರೆ ಅದು ಬಿಗಿ, ನಿಮ್ಮ ಮುಖದಲ್ಲಿಯೂ ಆ ಬಿಗುವು ಬರುತ್ತದೆ.

ಪಾರ್ಲರಿನವರು ಬರಲಿ, ಆದರೆ ಕೆಲಸ ಕಿಟಕಿಯ ಪಕ್ಕದಲ್ಲಿ ನಡೆಯಲಿ. ಟ್ಯೂಬ್‌ಲೈಟಿನ ಕೆಳಗೆ ಒಪ್ಪಿದ ಫೌಂಡೇಶನ್ ಹಗಲಿನಲ್ಲಿ ಬೂದಿಯಂತೆ ಕಾಣುವುದುಂಟು. ಬಣ್ಣವನ್ನು ಕೈಯ ಮೇಲೆ ನೋಡಬೇಡಿ, ದವಡೆ ಮತ್ತು ಕುತ್ತಿಗೆ ಸೇರುವ ಕಡೆ ಒಂದು ಗೀಟು ಹಚ್ಚಿಸಿಕೊಳ್ಳಿ. ಸ್ವಲ್ಪ ಹೊತ್ತಿನ ಮೇಲೆ ಆ ಗೀಟು ಎಲ್ಲಿತ್ತೆಂದು ತಿಳಿಯದಿದ್ದರೆ ಅದೇ ನಿಮ್ಮ ಬಣ್ಣ. ಒಂದು ಛಾಯೆ ತಿಳಿಯಾದದ್ದನ್ನು ಹಚ್ಚೋಣವೆಂಬ ಸಲಹೆ ಬಂದೇ ಬರುತ್ತದೆ, ಒಪ್ಪಬೇಡಿ. ಸನ್‌ಸ್ಕ್ರೀನ್ ಬೆರೆತ ಕೆಲವು ಕ್ರೀಮುಗಳಲ್ಲಿರುವ ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್‌ಗಳು ಫ್ಲ್ಯಾಶಿನ ಬೆಳಕನ್ನು ಹಿಂದಕ್ಕೆ ಎಸೆದು ಮುಖಕ್ಕೆ ಸುಣ್ಣ ಬಳಿದಂತೆ ಮಾಡುತ್ತವೆ. ಆದ್ದರಿಂದ ಫ್ಲ್ಯಾಶ್ ಆರಿಸಿಯೇ ಇರಲಿ.

ಜಾಗದ ಬಗ್ಗೆ ಒಂದು ಮಾತು. ಕಾಫಿ ತೋಟದೊಳಗೆ ನಿಲ್ಲಿಸಿ ತೆಗೆಯುವುದು ನಮ್ಮವರಿಗೆ ಇಷ್ಟ. ಆದರೆ ಸುತ್ತಲಿನ ಎಲೆಗಳಿಗೆ ಬಡಿದು ಬರುವ ಬೆಳಕು ಕೆನ್ನೆಯ ಅಡಿಗೂ ಗಲ್ಲಕ್ಕೂ ಹಸಿರು ಛಾಯೆ ಕೊಡುತ್ತದೆ, ಅದನ್ನು ಮುಚ್ಚಲು ಮತ್ತಷ್ಟು ಮೇಕಪ್, ಮೇಲೊಂದು ಫಿಲ್ಟರ್ ಎಂದು ಬೆಳೆಯುತ್ತಾ ಹೋಗುತ್ತದೆ. ಐನ್‌ಮನೆಯ ಕೈಯಾಲೆಯಲ್ಲಿ, ಇಲ್ಲವೇ ಮನೆಯ ಜಗಲಿಯಲ್ಲಿ, ಸುಣ್ಣದ ಗೋಡೆಯಿಂದ ನಾಲ್ಕಡಿ ಮುಂದೆ ಅಂಗಳದ ಕಡೆ ಮುಖಮಾಡಿ ನಿಂತರೆ ಬೆಳಕು ಮೃದುವಾಗಿ ಬೀಳುತ್ತದೆ. ಮೋಡ ಕವಿದ ದಿನವಾದರೆ ಇನ್ನೂ ಒಳ್ಳೆಯದು. ಫೋಟೋ ತೆಗೆಯುವವರು ಏಳೆಂಟು ಅಡಿ ದೂರ ನಿಂತು, ಎರಡು ಪಟ್ಟು ಜೂಮ್ ಇಟ್ಟು ತೆಗೆಯಲಿ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗುತ್ತದೆ. ಮುಖ ನುಣುಪಾಗಿಸುವ ಬ್ಯೂಟಿ ಮೋಡನ್ನು ಮೊದಲೇ ಆರಿಸಿಡಿ.

ಸೆಲ್ಫಿಯನ್ನೇ ಹಾಕುವ ಯೋಚನೆಯಿದ್ದರೆ ಕೈಬಿಡಿ. ಎಷ್ಟೋ ಫೋನುಗಳ ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ ಎಡಬಲ ತಿರುಗಿಸಿಬಿಡುತ್ತದೆ. ಬಲ ಭುಜದ ಪಿನ್ನು ಎಡಕ್ಕೆ ಹೋಗಿ, ಸೀರೆ ಉಡಲು ಬಾರದ ಹುಡುಗಿಯೆಂದು ವರನ ಕಡೆಯ ಹಿರಿಯರು ಅಂದುಕೊಳ್ಳುವಂತಾಗುತ್ತದೆ. ಸೀರೆಯ ಚಿತ್ರ ಮೊದಲಿರಲಿ, ಎರಡನೆಯದಾಗಿ ನೀವು ಕೆಲಸಕ್ಕೆ ಹೋಗುವಾಗ ಹಾಕುವ ಕುರ್ತಾದಲ್ಲೇ, ಮೇಕಪ್ಪಿಲ್ಲದೆ ತೆಗೆದ ಒಂದನ್ನು ಸೇರಿಸಿ.
— ಸಂ.