ಅಜ್ಜಿಯ ಯುದ್ಧಕಾಲದ ನೆನಪು: ಪ್ರಶ್ನೆ ಹೇಗಿರಬೇಕು?

"ಯುದ್ಧ ಶುರುವಾದಾಗ ಅಜ್ಜಿಗೆ 12 ವರ್ಷ. ನೆನಪುಗಳನ್ನು ರೆಕಾರ್ಡ್ ಮಾಡಬೇಕು ಅಂತ 40 ಪ್ರಶ್ನೆ ಬರೆದಿದ್ದೀನಿ. ಕೇಳಿ ನೋಡಿದ್ರೆ ‘ಹೂಂ, ಕಷ್ಟ ಇತ್ತು’ ಅಂತಾರೆ, ಅಷ್ಟೇ. ಏನು ಮಾಡಲಿ?"

‘ತುಂಬಾ ಭಯ ಆಗಿತ್ತಾ?’ ಅನ್ನೋ ಥರದ ಪ್ರಶ್ನೆಗಳೇ ಜಾಸ್ತಿ ಇರಬೇಕು, ಅಲ್ವಾ? ಅದರಲ್ಲಿ ಉತ್ತರವನ್ನು ನೀವೇ ಕೊಟ್ಟಿದ್ದೀರಿ. ಅವರಿಗೆ ಹೂಂ ಅನ್ನೋದಷ್ಟೇ ಉಳಿಯುತ್ತದೆ.

40 ಬೇಡ, 10 ಸಾಕು. ಯುದ್ಧಕ್ಕೂ ಹಿಂದಿನ ದಿನಗಳಿಂದ ಶುರು ಮಾಡಿ: ‘ಆಗ ನೀವಿದ್ದ ಮನೆಯೊಳಗೆ ಕಾಲಿಟ್ಟರೆ ಮೊದಲು ಏನು ಕಾಣುತ್ತಿತ್ತು?’ ಜಾಗ ಕಣ್ಣಿಗೆ ಕಟ್ಟಿದರೆ ಮಾತು ತಾನಾಗಿ ಬರುತ್ತದೆ. ಆಮೇಲೆ, ‘ಯುದ್ಧದ ಸುದ್ದಿ ಕಿವಿಗೆ ಬಿದ್ದಾಗ ಎಲ್ಲಿದ್ದಿರಿ, ಯಾರು ಹೇಳಿದರು?’

ಈ ಪ್ರಶ್ನೆಗೆ ನನ್ನ ತಾತ ‘ನೆನಪಿಲ್ಲ’ ಎಂದರು. ನಾನು ಸುಮ್ನೆ ಕೂತೆ. 10 ಸೆಕೆಂಡ್ ಇರಬಹುದು, ಒಂದು ಗಂಟೆ ಅನ್ನಿಸಿತು. ‘ಬೆಳಕು ಹೊರಗೆ ಕಾಣದಿರಲಿ ಅಂತ ಅಪ್ಪ ಕಿಟಕಿಗೆ ಕಪ್ಪು ಕಾಗದ ಅಂಟಿಸುತ್ತಿದ್ದರು’ ಎಂದರು. ಇಂಥ ಕಡೆ ಪಟ್ಟಿ ಪಕ್ಕಕ್ಕಿಡಿ. ಕಾಗದ ಎಲ್ಲಿಂದ ಬಂತು, ಕತ್ತಲಲ್ಲಿ ಊಟ ಹೇಗೆ ಮಾಡುತ್ತಿದ್ದಿರಿ ಅಂತ ಕೇಳಿ. ನಾನು ಕೇಳದೆ ಮುಂದೆ ಹೋದೆ, ಇವತ್ತಿಗೂ ಬೇಜಾರಿದೆ.

ಇಸವಿ ಕೇಳಬೇಡಿ. ‘ಆಗ ಯಾವ ಕ್ಲಾಸಿನಲ್ಲಿದ್ದಿರಿ?’ ಅಂದರೆ ನೀವೇ ಲೆಕ್ಕ ಹಾಕಬಹುದು.

ಕೇಳಿದ್ದು, ಸಿನಿಮಾದಲ್ಲಿ ನೋಡಿದ್ದು ಎಲ್ಲ ವರ್ಷ ಕಳೆದಂತೆ ಸ್ವಂತ ನೆನಪಿನೊಳಗೆ ಸೇರಿಹೋಗುತ್ತದೆ. ಅದಕ್ಕೇ ಕಥೆ ಮುಗಿದ ಮೇಲೆ ಮೆಲ್ಲಗೆ ಕೇಳಿ: ‘ಇದು ನೀವೇ ನೋಡಿದ್ದಾ, ಆಮೇಲೆ ಮನೆಯವರು ಹೇಳಿದ್ದಾ?’ ಎರಡೂ ಇರಲಿ, ಯಾವುದು ಯಾವುದೆಂದು ರೆಕಾರ್ಡಿನಲ್ಲಿ ಗೊತ್ತಾಗಬೇಕು.

ಸಾವುನೋವಿನ ಪ್ರಶ್ನೆ ಕೊನೆಗೆ ಇಡಬೇಡಿ. ನಡುವೆ ಕೇಳಿ, ಹಗುರವಾದ ಮಾತಿನಿಂದ ಮುಗಿಸಿ.