ಅಕ್ಟೋಬರ್‌ನಲ್ಲಿ ಎಂಟೇ ಕ್ಲಾಸ್ ಆಯ್ತು, ಫೀಸ್ ಎಷ್ಟು ಕೇಳಲಿ?

ಪ್ರಶ್ನೆ: ನಾನು ವಿಜಯನಗರದವಳು. ಬಸವೇಶ್ವರನಗರದ ಒಂದು ಮನೆಗೆ ಹೋಗಿ ಒಂಬತ್ತನೇ ಕ್ಲಾಸ್ ಹುಡುಗನಿಗೆ ಗಣಿತ ಹೇಳಿಕೊಡುತ್ತೇನೆ. ಸೋಮ, ಬುಧ, ಶುಕ್ರ ಸಂಜೆ ಒಂದೊಂದು ಗಂಟೆ. ತಿಂಗಳಿಗೆ ₹3,600 ಮಾತಾಗಿದೆ, ತಿಂಗಳ ಕೊನೆಗೆ ಕೊಡುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಎಂಟೇ ಕ್ಲಾಸ್ ನಡೆದವು. 3ನೇ ತಾರೀಕು ಅವರು ಊರಿನಲ್ಲಿದ್ದರು, ಮೊದಲೇ ಹೇಳಿದ್ದರು. 15ಕ್ಕೆ ನನಗೆ ಜ್ವರ. 24ಕ್ಕೆ ಹೋದರೆ ಮನೆಗೆ ಬೀಗ. ಉಳಿದದ್ದು ಹಬ್ಬದ ರಜೆ. ಅವರು ಏನೂ ಹೇಳದೆ ₹2,400 ಕಳಿಸಿದ್ದಾರೆ. ಕೇಳೋಕೆ ಸಂಕೋಚ, ಬಿಡೋಕೆ ಮನಸ್ಸಿಲ್ಲ. ಮೆಸೇಜ್ ಹೇಗೆ ಬರೆಯಲಿ?

ಉತ್ತರ: ಆ ಮನೆಯವರು ಮೋಸ ಮಾಡಿಲ್ಲ. ನಿಮ್ಮ ₹3,600 ಅನ್ನು ಅವರು 12 ಕ್ಲಾಸ್‌ಗೆ ಹಂಚಿದ್ದಾರೆ, ಒಂದಕ್ಕೆ ₹300 ಬಂತು. ಎಂಟಕ್ಕೆ ₹2,400. ಅವರ ತಲೆಯಲ್ಲಿ ಅದು ಕ್ಲಾಸ್ ಲೆಕ್ಕ, ನಿಮ್ಮ ತಲೆಯಲ್ಲಿ ತಿಂಗಳ ಲೆಕ್ಕ. ಎರಡರಲ್ಲಿ ಯಾವುದು ಅಂತ ಇಬ್ಬರೂ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ತೊಂದರೆ ಶುರುವಾದದ್ದು ಅಲ್ಲಿ.

ಮೊದಲು ಹಬ್ಬದ ವಿಷಯ ನೋಡೋಣ, ಜಾಸ್ತಿ ಜಗಳ ಇದರಲ್ಲೇ ಬರೋದು. ಆ ಅಕ್ಟೋಬರ್‌ನಲ್ಲಿ ಸೋಮ, ಬುಧ, ಶುಕ್ರ ಸೇರಿ 14 ದಿನ ಬಂದವು. ಅದರಲ್ಲಿ 1ರ ಆಯುಧಪೂಜೆ, 20ರ ನರಕ ಚತುರ್ದಶಿ, 22ರ ಬಲಿಪಾಡ್ಯಮಿ ಹೋದರೆ 11 ಉಳಿಯಿತು. 12ಕ್ಕೆ ಒಂದು ಕಮ್ಮಿ, ನಿಜ. ಆದರೆ ಡಿಸೆಂಬರ್‌ನಲ್ಲೂ ಸೋಮ, ಬುಧ, ಶುಕ್ರ ಸೇರಿ 14 ದಿನ ಬರುತ್ತವೆ. ಕ್ರಿಸ್‌ಮಸ್ ಬೀಳುವುದು ಗುರುವಾರ, ಹಾಗಾಗಿ ನಿಮಗೆ ಒಂದು ರಜೆಯೂ ಇಲ್ಲ. ಆಗ ನೀವು ಎರಡು ಕ್ಲಾಸ್ ಜಾಸ್ತಿ ಮಾಡಿದ್ದಕ್ಕೆ ₹600 ಕೇಳುತ್ತೀರಾ? ಕೇಳೋದಿಲ್ಲ ಅಲ್ವಾ? ವರ್ಷದ 52 ವಾರಕ್ಕೆ ವಾರಕ್ಕೆ ಮೂರರಂತೆ 156 ದಿನ. ತಿಂಗಳಿಗೆ 12ರಂತೆ ಲೆಕ್ಕ ಹಾಕಿದರೆ 144. ಮಧ್ಯೆ ಉಳಿಯುವ 12 ದಿನ ಹಬ್ಬಗಳಿಗೆ ಅಂತ ಇಟ್ಟುಕೊಳ್ಳಿ. ಹಬ್ಬಕ್ಕೆ ಫೀಸ್ ಕಡಿಮೆ ಮಾಡುವುದಿಲ್ಲ, 13 ಅಥವಾ 14 ಕ್ಲಾಸ್ ಆದ ತಿಂಗಳು ಹೆಚ್ಚಿಗೆ ಕೇಳುವುದೂ ಇಲ್ಲ. ಈ ಎರಡು ಮಾತನ್ನು ಜೊತೆಯಲ್ಲೇ ಹೇಳಬೇಕು. ಮೊದಲನೆಯದನ್ನು ಮಾತ್ರ ಹೇಳಿದರೆ ಪೋಷಕರಿಗೆ ಅನ್ಯಾಯ ಅನ್ನಿಸುತ್ತದೆ. ಬೇಸಿಗೆಯಲ್ಲಿ ಪೂರ್ತಿ ಪಾಠ ನಿಲ್ಲಿಸುವ ತಿಂಗಳಿಗೆ ಮಾತ್ರ ಇದು ಹೊಂದುವುದಿಲ್ಲ. ಆ ತಿಂಗಳ ಫೀಸನ್ನೇ ಕೇಳಬೇಡಿ.

ಉಳಿದ ಮೂರು ದಿನ ಮೂರು ಬಗೆ. 3ರಂದು ಅವರು ಮೊದಲೇ ತಿಳಿಸಿದ್ದರು. ಇದಕ್ಕೆ ದುಡ್ಡು ಕಡಿತ ಬೇಡ, ಬದಲಿ ಕ್ಲಾಸ್ ಕೊಡಿ. ನೀವು ಅಕ್ಟೋಬರ್‌ನಲ್ಲೇ ದಿನ ಕೊಟ್ಟಿಲ್ಲ, ಹಾಗಾಗಿ ನವೆಂಬರ್‌ನಲ್ಲಿ ಕೊಡಬೇಕು. 15ರಂದು ತಪ್ಪಿಸಿದ್ದು ನೀವು. ಜ್ವರ ಬಂದದ್ದು ನಿಮ್ಮ ತಪ್ಪಲ್ಲ, ಆದರೆ ಪಾಠ ಆಗಲಿಲ್ಲ ಅನ್ನುವುದು ಅಷ್ಟೇ ನಿಜ. ₹300 ಬಿಟ್ಟುಬಿಡಿ. "ಡಿಸೆಂಬರ್‌ನಲ್ಲಿ ಎರಡು ಜಾಸ್ತಿ ಬರುತ್ತಲ್ಲ, ಅದರಲ್ಲಿ ಸರಿಹೋಯ್ತು" ಅನ್ನಬೇಡಿ. ಹಬ್ಬಕ್ಕೆ ಅಂತ ಇಟ್ಟ ದಿನಗಳನ್ನು ನಿಮ್ಮ ರಜೆಗೂ ತೋರಿಸಿದರೆ ಒಂದೇ ದಿನವನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತೆ.

24ರದ್ದು ಕಷ್ಟದ್ದು. ಗಾಡಿ ತೆಗೆದುಕೊಂಡು ಹೋಗಿ, ಬೀಗ ನೋಡಿ ವಾಪಸ್ ಬಂದಿದ್ದೀರಿ. ಆ ಸಂಜೆ ಬೇರೆ ಯಾರಿಗೂ ಪಾಠ ಹೇಳೋಕೆ ಆಗಲಿಲ್ಲ. ನ್ಯಾಯವಾಗಿ ಇದು ನಡೆದ ಕ್ಲಾಸ್ ಅಂತಲೇ ಎಣಿಸಬೇಕು. ಆದರೆ ಈ ನಿಯಮವನ್ನು ನೀವು ಮೊದಲು ಹೇಳಿರಲಿಲ್ಲ. ಹೇಳದ ನಿಯಮಕ್ಕೆ ದುಡ್ಡು ಕೇಳಿದರೆ ಅವರಿಗೆ ದಂಡ ಹಾಕಿದ ಹಾಗೆ ಕೇಳಿಸುತ್ತದೆ. ಹಾಗಾಗಿ ಈ ಒಂದು ಸಲ ಬಿಡಿ, ಬಿಟ್ಟಿದ್ದೇನೆ ಅಂತ ಬರೆದೇ ಬಿಡಿ. ಸುಮ್ನೆ ಬಿಟ್ಟರೆ ಮುಂದಿನ ಸಲವೂ ಹಾಗೇ ಆಗುತ್ತದೆ.

ಈಗ ಮೆಸೇಜ್ ಹೀಗೆ ಕಳಿಸಿ:

> ನಮಸ್ಕಾರ ಮೇಡಂ. ಅಕ್ಟೋಬರ್ ಲೆಕ್ಕವನ್ನು ನಾನು ಮೊದಲೇ ಕಳಿಸಬೇಕಿತ್ತು, ಈಗ ಕಳಿಸುತ್ತಿದ್ದೇನೆ.
> ತಿಂಗಳ ಫೀಸ್ ₹3,600
> 1, 20, 22: ಹಬ್ಬದ ರಜೆ, ಕಡಿತ ಇಲ್ಲ (13–14 ಕ್ಲಾಸ್ ಆದ ತಿಂಗಳೂ ಇದೇ ಫೀಸ್)
> 3: ನೀವು ಮೊದಲೇ ತಿಳಿಸಿದ್ದಿರಿ, ಬದಲಿ ಕ್ಲಾಸ್ ನವೆಂಬರ್ 15, ಶನಿವಾರ ಸಂಜೆ 5ಕ್ಕೆ
> 15: ನಾನು ಬರಲಿಲ್ಲ, ₹300 ಕಡಿಮೆ
> 24: ನಾನು ಬಂದಾಗ ಮನೆಗೆ ಬೀಗ ಇತ್ತು. ಈ ಸಲ ಮಾತ್ರ ₹300 ಕಡಿಮೆ
> ಒಟ್ಟು ₹3,000. ಬಂದದ್ದು ₹2,400. ಬಾಕಿ ₹600.
> ಬಾಕಿಯನ್ನು ನವೆಂಬರ್ ಫೀಸ್ ಜೊತೆ ಕೊಟ್ಟರೂ ಆಗುತ್ತದೆ. ಶನಿವಾರ 5 ಗಂಟೆ ನಿಮಗೆ ಆಗದಿದ್ದರೆ ಹೇಳಿ, ಬೇರೆ ದಿನ ನೋಡೋಣ.

ಇದರಲ್ಲಿ "ದಯವಿಟ್ಟು ತಪ್ಪು ತಿಳಿಯಬೇಡಿ", "ನನಗೂ ಮನೆ ನಡೀಬೇಕು" ಅನ್ನುವ ಮಾತು ಇಲ್ಲ ನೋಡಿ. ನಾನು ಮನೆಪಾಠ ಶುರು ಮಾಡಿದ ಹೊಸದರಲ್ಲಿ ಅಂಥ ಮಾತು ತುಂಬ ಬರೆಯುತ್ತಿದ್ದೆ. ಒಬ್ಬ ತಂದೆ ಫೋನ್ ಮಾಡಿ, "ಮಿಸ್, ಎಷ್ಟು ಕೊಡಬೇಕು ಅಂತ ಒಂದು ಸಾಲು ಹೇಳಿಬಿಡಿ ಸಾಕು" ಅಂದರು. ಅಷ್ಟು ಉದ್ದ ಬರೆದಿದ್ದರೂ ಮೊತ್ತವನ್ನೇ ಬರೆದಿರಲಿಲ್ಲ.

ನವೆಂಬರ್‌ನಿಂದ ಒಂದು ಅಭ್ಯಾಸ ಮಾಡಿಕೊಳ್ಳಿ. ಫೀಸ್ ಮೆಸೇಜ್‌ನಲ್ಲಿ ಹೊಸ ಸುದ್ದಿ ಏನೂ ಇರಬಾರದು. ಕ್ಲಾಸ್ ತಪ್ಪಿದ ದಿನವೇ ರಾತ್ರಿ ಊಟಕ್ಕೆ ಮುಂಚೆ ಒಂದು ಸಾಲು ಹಾಕಿ: "ಇವತ್ತು 12ನೇ ತಾರೀಕು ಕ್ಲಾಸ್ ಆಗಲಿಲ್ಲ, ಬೆಳಿಗ್ಗೆಯೇ ತಿಳಿಸಿದ್ದಿರಿ, ಬದಲಿ ಶನಿವಾರ 22." ಅವರು "ಓಕೆ ಮಿಸ್" ಅಂದರೆ ಆ ದಿನದ ವಿಷಯ ಅಲ್ಲಿಗೇ ತೀರಿತು. ತಿಂಗಳ ಕೊನೆಗೆ ಆ ಸಾಲುಗಳನ್ನು ಒಟ್ಟು ಮಾಡಿದರೆ ಆಯ್ತು. 24ರ ಬೀಗದ ವಿಷಯ ಅವತ್ತೇ ಬರೆದಿದ್ದರೆ ₹2,400 ಬರುತ್ತಿರಲಿಲ್ಲ ಅನ್ನಿಸುತ್ತದೆ.

ಜೊತೆಗೆ ಈ ನಿಯಮವನ್ನು ಒಂದು ಸಲ ಬೇರೆ ಮೆಸೇಜ್ ಆಗಿ ಕಳಿಸಿ, ದುಡ್ಡಿನ ಲೆಕ್ಕದ ಜೊತೆ ಸೇರಿಸಬೇಡಿ: ಕ್ಲಾಸ್ ದಿನ ಮಧ್ಯಾಹ್ನ 12ರೊಳಗೆ ತಿಳಿಸಿದರೆ 15 ದಿನದೊಳಗೆ ಬದಲಿ ಕ್ಲಾಸ್, ಆಮೇಲೆ ತಿಳಿಸಿದರೆ ಅಥವಾ ತಿಳಿಸದಿದ್ದರೆ ಕ್ಲಾಸ್ ನಡೆದ ಲೆಕ್ಕ, ನಾನು ಬರದಿದ್ದರೆ ಬದಲಿ ಕ್ಲಾಸ್, ಅದಕ್ಕೆ ನಿಮಗೆ ಸಮಯ ಆಗದಿದ್ದರೆ ₹300 ಕಡಿಮೆ. ಮಧ್ಯಾಹ್ನ 12 ಅಂತ ಹೇಳಿದ್ದು ನಿಮ್ಮ ಸಂಜೆಯ ಕ್ಲಾಸ್ ನೋಡಿ. ಆ ಹೊತ್ತಿಗೆ ಗೊತ್ತಾದರೆ ಬೇರೆ ಮಗುವಿನ ಬದಲಿ ಕ್ಲಾಸನ್ನು ಅಲ್ಲಿಗೆ ಹಾಕಬಹುದು. ಮಗುವಿಗೆ ದಿಢೀರ್ ಜ್ವರ ಬಂದರೆ, ಜೋರು ಮಳೆಗೆ ರಸ್ತೆಯಲ್ಲಿ ನೀರು ನಿಂತರೆ, ಈ 12 ಗಂಟೆಯ ಮಾತು ಹಿಡಿದು ಕೂರಬೇಡಿ. ಅವಕ್ಕೂ ಬದಲಿ ಕ್ಲಾಸ್ ಕೊಡಿ.

ಇನ್ನೊಂದು ವಿಚಾರಿಸಿ. ರಜೆ ಹೇಳುವುದು ತಾಯಿ, ದುಡ್ಡು ಕಳಿಸುವುದು ತಂದೆ ಇರಬಹುದು. ಹಾಗಿದ್ದರೆ 15ರ ಜ್ವರ, 24ರ ಬೀಗ ಯಾವುದೂ ಅವರಿಗೆ ಗೊತ್ತಿಲ್ಲದೆ ಬರೀ "ಎಂಟು ಕ್ಲಾಸ್" ಅಂತ ಕೇಳಿ ಕಳಿಸಿರುತ್ತಾರೆ. ಇಬ್ಬರನ್ನೂ ಸೇರಿಸಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪುಟ್ಟ ಗ್ರೂಪ್ ಮಾಡಿ, ಅವರು ಮತ್ತು ನೀವು ಮಾತ್ರ. ಮೇಲಿನ ಮೆಸೇಜನ್ನೂ ಅಲ್ಲಿಗೇ ಹಾಕಿ.